ರಜೆಯ ದಿನ ಬರುವ ತಲೆನೋವು

ಹದಿಹರೆಯದವರಲ್ಲಿ ಪದೇ ಪದೇ ಕಾಣಿಸುವ ತಲೆನೋವು ಹೆಚ್ಚಾಗಿ ಎರಡು ಬಗೆಯದು. ಹಣೆಗೆ ಪಟ್ಟಿ ಬಿಗಿದಂತೆ ಎರಡೂ ಬದಿ ಹಿಂಡುವ ನೋವು ಒಂದು. ಮಿಡಿಯುತ್ತ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಂತೆ ಮಾಡಿ, ಹೊಟ್ಟೆ ತೊಳಸುವ ಮೈಗ್ರೇನ್ ಇನ್ನೊಂದು. ಎರಡಕ್ಕೂ ಹುಟ್ಟಿನಿಂದ ಬಂದ ಒಲವು ಇರಬಹುದು; ಮೈಗ್ರೇನ್ ಅಂತೂ ಅನೇಕ ಮನೆಗಳಲ್ಲಿ ತಾಯಿಯಿಂದಲೋ ತಂದೆಯಿಂದಲೋ ಬಂದಿರುತ್ತದೆ. ಆದರೆ ಆ ಒಲವು ತಿಂಗಳಿಗೊಮ್ಮೆ ತಲೆಯೆತ್ತುತ್ತದೋ, ವಾರಕ್ಕೆ ಮೂರು ಸಲವೋ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ದಿನಚರಿ. ಅದರಲ್ಲೂ ನಿದ್ದೆಗೆಡುವುದು ಎರಡು ಬಗೆಯ ನೋವಿಗೂ ಬಲವಾದ ಪ್ರಚೋದಕ.

ಈ ವಯಸ್ಸಿನಲ್ಲಿ ನಿದ್ದೆ ತಡವಾಗುವುದಕ್ಕೆ ದೇಹದೊಳಗೇ ಕಾರಣವಿದೆ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಪ್ರಾಯಕ್ಕೆ ಬರುವಾಗ ಈ ಸ್ರಾವ ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತದೆ. ಒಂಬತ್ತಕ್ಕೆಲ್ಲ ತೂಕಡಿಸುತ್ತಿದ್ದ ಮಗುವಿಗೆ ಹದಿನೈದನೇ ವಯಸ್ಸಿನಲ್ಲಿ ಹನ್ನೊಂದಾದರೂ ಕಣ್ಣು ಎಳೆಯದಿದ್ದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಈ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಆರು ಮುಕ್ಕಾಲಿಗೆ ಶಾಲೆಯ ಬಸ್ಸು ಬರುವುದಾದರೆ ಲೆಕ್ಕ ಕೂಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹದಿಹರೆಯದವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದೆಂದು ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯದ ಹೈಸ್ಕೂಲುಗಳಿಗೆ 2022ರಿಂದ ಇದು ಕಾನೂನೇ ಆಗಿದೆ. ಬೆಂಗಳೂರಿನಲ್ಲಿ ಚರ್ಚೆ ನಡೆದದ್ದು ಇದಕ್ಕೆ ತಿರುವುಮುರುವಾಗಿ: ವಾಹನ ದಟ್ಟಣೆ ತಗ್ಗಿಸಲು ಶಾಲೆಗಳನ್ನು ಇನ್ನೂ ಬೇಗ ತೆರೆಯಬಹುದೇ ಎಂಬ ಪ್ರಶ್ನೆ 2023ರಲ್ಲಿ ಎದ್ದಿತ್ತು. ಮಕ್ಕಳ ನಿದ್ದೆಯನ್ನು ಕಡಿದು ರಸ್ತೆಯನ್ನು ಹಗುರಗೊಳಿಸುವ ಯೋಚನೆ ಸರಿಯಾದುದಲ್ಲ.

ಹೀಗೆ ಕೊರತೆಯಾದ ನಿದ್ದೆಯನ್ನು ತುಂಬಲು ಬರುವುದು ಎನರ್ಜಿ ಡ್ರಿಂಕ್. ಅದರಲ್ಲಿ ಎಚ್ಚರ ತರುವ ಮುಖ್ಯ ವಸ್ತು ಕೆಫೀನ್. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರಿನ ಒಂದು ಕ್ಯಾನಿನಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ. ಮಕ್ಕಳಿಗೆ ಇದು ಯೋಗ್ಯವಲ್ಲ ಎಂಬ ಎಚ್ಚರಿಕೆಯನ್ನು ಕ್ಯಾನಿನ ಮೇಲೆ ಮುದ್ರಿಸಬೇಕೆಂಬ ನಿಯಮವೂ ಇದೆ. ಆ ಸಾಲು ಮಾತ್ರ ಓದುವವರ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುತ್ತದೆ.

ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ದಣಿವಿನ ಭಾವ ಹುಟ್ಟುವುದು ಅದರಿಂದ. ಕೆಫೀನ್ ಈ ಅಡೆನೊಸಿನ್ ಹೋಗಿ ಕೂರಬೇಕಾದ ಜಾಗಗಳನ್ನು ತಾನೇ ಆಕ್ರಮಿಸುತ್ತದೆ. ದಣಿವು ಹೋಗಿರುವುದಿಲ್ಲ, ಅದರ ಸುದ್ದಿ ತಲುಪಿರುವುದಿಲ್ಲ ಅಷ್ಟೆ. ದಿನವೂ ಹೀಗಾದರೆ ಮಿದುಳು ಅಂಥ ಜಾಗಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಒಂದು ದಿನ ಕೆಫೀನ್ ತಪ್ಪಿದರೆ ಅಡೆನೊಸಿನ್ ಒಮ್ಮೆಲೇ ಎಲ್ಲ ಕಡೆ ನೆಲೆಯಾಗಿ, ಮಿದುಳಿನ ರಕ್ತನಾಳಗಳು ಹಿಗ್ಗಿ, ತಲೆ ಸಿಡಿಯುತ್ತದೆ. ಕೆಫೀನ್ ಬಿಟ್ಟಾಗ ಬರುವ ಈ ನೋವನ್ನು ತಲೆನೋವಿನ ಅಂತರರಾಷ್ಟ್ರೀಯ ವರ್ಗೀಕರಣ ಪ್ರತ್ಯೇಕವಾಗಿಯೇ ಗುರುತಿಸಿದೆ: ಎರಡು ವಾರಕ್ಕಿಂತ ಹೆಚ್ಚು ಕಾಲ ದಿನಕ್ಕೆ 200 ಮಿಲಿಗ್ರಾಂ ಮೀರಿ ಸೇವಿಸಿದವರು ನಿಲ್ಲಿಸಿದರೆ 24 ಗಂಟೆಯೊಳಗೆ ನೋವು ಬರುತ್ತದೆ, 100 ಮಿಲಿಗ್ರಾಂ ಕೆಫೀನ್ ಕುಡಿದರೆ ಒಂದು ಗಂಟೆಯಲ್ಲಿ ಇಳಿಯುತ್ತದೆ, ಇಲ್ಲವೇ ಏಳು ದಿನದೊಳಗೆ ತಾನಾಗಿ ಹೋಗುತ್ತದೆ. ಕೆಲವರಿಗೆ ಇದಕ್ಕಿಂತ ಕಡಿಮೆ ಪ್ರಮಾಣವೂ ಸಾಕು.

ಹತ್ತನೇ ತರಗತಿಯ, 50 ಕಿಲೋ ತೂಕದ ಒಬ್ಬ ಹುಡುಗನ ವಾರವನ್ನು ಊಹಿಸಿಕೊಂಡರೆ ಈ ಕೊಂಡಿಗಳು ಸ್ಪಷ್ಟವಾಗುತ್ತವೆ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಫಿಲ್ಟರ್ ಕಾಫಿ, ಅದರಲ್ಲಿ ಸುಮಾರು 80 ಮಿಲಿಗ್ರಾಂ. ಟ್ಯೂಷನ್ನಿಗೆ ಹೋಗುವಾಗ ನಾಲ್ಕಕ್ಕೆ ಒಂದು ಕ್ಯಾನ್, ಓದಲು ಕೂರುವಾಗ ರಾತ್ರಿ ಒಂಬತ್ತಕ್ಕೆ ಇನ್ನೊಂದು. ಒಟ್ಟು 230 ಮಿಲಿಗ್ರಾಂ. ಹದಿಹರೆಯದವರಿಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ, ಅಂದರೆ ಇವನಿಗೆ 150. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕಾದ್ದರಿಂದ, ಒಂಬತ್ತರ ಕ್ಯಾನಿನ ಅರ್ಧದಷ್ಟು ರಾತ್ರಿ ಎರಡಕ್ಕೂ ದೇಹದಲ್ಲಿರುತ್ತದೆ. ನಿದ್ದೆ ಬಾರದ ಆ ಹೊತ್ತನ್ನು ಫೋನು ತುಂಬುತ್ತದೆ. ಒಂದು ಗಂಟೆಗೆ ಮಲಗಿ ಆರಕ್ಕೆ ಎದ್ದವನಿಗೆ ಸಿಕ್ಕ ನಿದ್ದೆ ಐದೇ ಗಂಟೆ. ತಿಂಡಿ ಬಿಟ್ಟು ಓಡುತ್ತಾನೆ. ಹನ್ನೊಂದರ ಹೊತ್ತಿಗೆ ಹಣೆ ಹಿಂಡತೊಡಗುತ್ತದೆ.

ಭಾನುವಾರ ಅವನು ಹನ್ನೊಂದರವರೆಗೆ ಮಲಗುತ್ತಾನೆ. ಕಾಫಿಯ ಹೊತ್ತು ಮೀರಿರುತ್ತದೆ, ಮನೆಯವರ ಎದುರು ಕ್ಯಾನ್ ತೆರೆಯುವಂತಿಲ್ಲ. ಶನಿವಾರ ರಾತ್ರಿ ಒಂಬತ್ತರ ನಂತರ ಕೆಫೀನ್ ಇಲ್ಲದೆ ಹದಿನೈದು ಗಂಟೆ ಕಳೆದಾಗ, ಅಂದರೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ವಾರದಲ್ಲೇ ಜೋರಾದ ತಲೆನೋವು ಬರುತ್ತದೆ. ಸಂಜೆ ಗೆಳೆಯರೊಂದಿಗೆ ಕುಡಿದ ಕ್ಯಾನಿನಿಂದ ಅದು ಇಳಿಯುತ್ತದೆ. ಆ ಪಾನೀಯವೇ ಔಷಧ ಎಂದು ಹುಡುಗ ನಂಬುವುದು ಇಲ್ಲಿ. ನೋವನ್ನು ತಂದದ್ದೂ ಅದೇ ಎಂಬುದು ಅವನಿಗೆ ಕಾಣುವುದಿಲ್ಲ. ಸೋಮವಾರ ಬೆಳಿಗ್ಗೆ ಇನ್ನೊಂದು ಪೆಟ್ಟು: ಹನ್ನೊಂದಕ್ಕೆ ಎದ್ದ ದೇಹವನ್ನು ಮರುದಿನವೇ ಆರಕ್ಕೆ ಎಬ್ಬಿಸಬೇಕು.

ಫೋನಿನ ಪಾತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಪರದೆಯ ನೀಲಿ ಬೆಳಕು ಮೆಲಟೋನಿನ್ನನ್ನು ತಗ್ಗಿಸುವುದು ನಿಜ, ಆದರೆ ಮಲಗುವ ಮುನ್ನ ನಾಲ್ಕು ಗಂಟೆ ಪರದೆಯಲ್ಲಿ ಓದಿದವರನ್ನು ಗಮನಿಸಿದ ಒಂದು ಪ್ರಯೋಗದಲ್ಲಿ ನಿದ್ದೆ ತಡವಾದದ್ದು ಸುಮಾರು ಹತ್ತು ನಿಮಿಷ ಮಾತ್ರ. ಫೋನು ಕದಿಯುವ ಉಳಿದ ಒಂದೆರಡು ಗಂಟೆ ಹೋಗುವುದು ಮುಗಿಯದ ವಿಡಿಯೊಗಳಿಗೆ, ಆಟಕ್ಕೆ, ಉತ್ತರ ಬರುವವರೆಗೆ ಕಾಯುವುದಕ್ಕೆ. ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿ ನಿಶ್ಚಿಂತರಾಗುವುದರಿಂದ ಪ್ರಯೋಜನ ಕಡಿಮೆ. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕುವುದು ಹೆಚ್ಚು ಉಪಯೋಗಿ.

ತಲೆನೋವು ಯಾವುದರಿಂದ ಎಂದು ತಿಳಿಯಲು ನಾಲ್ಕು ವಾರದ ಟಿಪ್ಪಣಿ ಸಾಕು. ನೋವು ಶುರುವಾದ ಗಂಟೆ, ಅದಕ್ಕೆ ಮುಂಚಿನ ಕೊನೆಯ ಕಾಫಿ ಅಥವಾ ಕ್ಯಾನು, ಮಲಗಿದ ಮತ್ತು ಎದ್ದ ಹೊತ್ತು, ಬಿಟ್ಟ ಊಟ, ನುಂಗಿದ ಮಾತ್ರೆ, ಇವಿಷ್ಟನ್ನು ಬರೆದಿಡಬೇಕು. ನೋವು ರಜೆಯ ಮಧ್ಯಾಹ್ನಗಳಲ್ಲಿ ಗುಂಪುಗೂಡಿದರೆ ಕೆಫೀನಿನ ಮೇಲೆ ಅನುಮಾನ ಹೋಗುತ್ತದೆ. ಶಾಲೆಯ ದಿನಗಳಲ್ಲೇ ಬಂದು ದಸರಾ ರಜೆಯಲ್ಲಿ ಮಾಯವಾದರೆ ನಿದ್ದೆಯ ಕೊರತೆಯೋ ಓದಿನ ಒತ್ತಡವೋ ಕಾರಣವಿರಬಹುದು. ಮಾತ್ರೆಯ ಲೆಕ್ಕವೂ ಮುಖ್ಯ. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಬೆರೆತಿರುತ್ತದೆ. ಇಂಥ ಮಿಶ್ರ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ.

ಕೆಫೀನನ್ನು ಒಂದೇ ದಿನ ಬಿಟ್ಟರೆ ನೋವು ಕೆರಳಿ, ಹುಡುಗ ಮೂರನೇ ದಿನಕ್ಕೆ ಮತ್ತೆ ಕ್ಯಾನಿಗೆ ಕೈಹಾಕುತ್ತಾನೆ. ಮೊದಲು ರಾತ್ರಿಯದನ್ನು ಅರ್ಧ ಮಾಡಿ, ಕೆಲವು ದಿನದ ಮೇಲೆ ನಿಲ್ಲಿಸಿ, ಆಮೇಲೆ ಸಂಜೆಯದಕ್ಕೆ ಬರುವುದು ಸುಲಭದ ದಾರಿ. ರಜೆಯಲ್ಲೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಬದಲಾಗದಿದ್ದರೆ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆಯ ಗಡಿಯಾರ ನಿಧಾನವಾಗಿ ಹಿಂದಕ್ಕೆ ಬರುತ್ತದೆ.

ಎಲ್ಲ ತಲೆನೋವನ್ನೂ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಿಗ್ಗೆ ವಾಂತಿಯೊಂದಿಗೆ ಬಂದು ದಿನದಿಂದ ದಿನಕ್ಕೆ ಏರುವ ನೋವು, ಕೆಮ್ಮಿದಾಗ ಹೆಚ್ಚಾಗುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ತಲೆಗೆ ಪೆಟ್ಟಾದ ನಂತರದ ನೋವು, ಹಠಾತ್ತನೆ ಸಿಡಿಲಿನಂತೆ ಬಂದ ನೋವು: ಇವುಗಳಲ್ಲಿ ಯಾವುದು ಕಂಡರೂ ಟಿಪ್ಪಣಿ ಬರೆಯುತ್ತ ದಿನ ಕಳೆಯದೆ ತಕ್ಷಣ ವೈದ್ಯರಿಗೆ ತೋರಿಸಬೇಕು.