ಹೆಸರಿಗಿಂತ ಮೊದಲು ಕೊಡುವ ಮಾತು

ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳಲ್ಲಿ ಡಿಗ್ರಿ ಮೊದಲ ವರ್ಷಕ್ಕೆ ಸೇರಿದವರಿಗಾಗಿ ಹೊಸ ಕಂಪನಿಯೊಂದು ಎಲೆಕ್ಟ್ರಿಕ್ ಸ್ಕೂಟರ್ ತರುತ್ತಿದೆ ಎಂದುಕೊಳ್ಳೋಣ. ಇಂಥ ಕಂಪನಿಗಳು ಸಾಮಾನ್ಯವಾಗಿ ಮೊದಲು ಹೆಸರು, ಲೋಗೊ, ಬಣ್ಣ ಹುಡುಕುತ್ತವೆ. ಆದರೆ ಬ್ರ್ಯಾಂಡ್ ಹುಟ್ಟುವುದು ಬೇರೆ ಪ್ರಶ್ನೆಯಿಂದ: ಓಡಿಸುವವರು ಯಾರು, ದುಡ್ಡು ಕೊಡುವವರು ಯಾರು?

ಓಡಿಸುವುದು ಮಗಳೋ ಮಗನೋ, ಕಂತು ಕಟ್ಟುವುದು ಅಪ್ಪ ಅಮ್ಮ. ಮಕ್ಕಳಿಗೆ ಅಂದ ಬೇಕು, ಹೆತ್ತವರಿಗೆ ವೇಗದ ಭಯ. ಆದರೂ ಇಬ್ಬರಿಗೂ ಇರುವ ಆತಂಕ ಒಂದೇ: ಬ್ಯಾಟರಿ ಮುಗಿದು ನಡುದಾರಿಯಲ್ಲಿ ಗಾಡಿ ನಿಂತರೆ? ಬ್ರ್ಯಾಂಡ್ ಕೊಡುವ ಮಾತು ಇದಕ್ಕೆ ಉತ್ತರವಾಗಬೇಕು.

ನಮ್ಮ ಸ್ಕೂಟರಿನ ಬ್ಯಾಟರಿ 2 ಕಿಲೋವ್ಯಾಟ್ ಅವರ್‌ನದು. ಪರೀಕ್ಷಾ ಕೇಂದ್ರದ ನಿಗದಿತ ಕ್ರಮದಲ್ಲಿ ಅದು 90 ಕಿ.ಮೀ. ಓಡಿತು ಎನ್ನೋಣ. ಹಿಂದೆ ಗೆಳತಿಯನ್ನು ಕೂರಿಸಿಕೊಂಡು, ಏರು ಹತ್ತಿ, ಸಿಗ್ನಲ್‌ಗಳಲ್ಲಿ ನಿಂತು ಹೊರಟರೆ ಕಿಲೋಮೀಟರಿಗೆ ಸುಮಾರು 28 ವ್ಯಾಟ್ ಅವರ್ ಖರ್ಚಾದೀತು. ಲೆಕ್ಕಕ್ಕೆ 70 ಕಿ.ಮೀ. ಬರುತ್ತದೆ, ಬ್ಯಾಟರಿ ಹಳತಾದಾಗಿನ ಇಳಿಕೆಗೆ ಸ್ವಲ್ಪ ಬಿಟ್ಟರೆ 60. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣಬೇಕಾದದ್ದು ಈ 60. ಕಾಲೇಜಿಗೆ ಹೋಗಿಬರಲು ದಿನಕ್ಕೆ 24 ಕಿ.ಮೀ. ಆದರೆ ಎರಡು ದಿನಕ್ಕೊಮ್ಮೆ ಚಾರ್ಜ್ ಸಾಕು ಎಂದು ಮನೆಯವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. 90 ಎಂದು ಹೇಳಿ 65ಕ್ಕೆ ನಿಂತ ಗಾಡಿಯ ಸುದ್ದಿ ಒಂದೇ ದಿನದಲ್ಲಿ ಇಡೀ ಕ್ಲಾಸಿಗೆ ಮುಟ್ಟುತ್ತದೆ.

ಹೆಸರಿನ ಸರದಿ ಈಗ. 'ಇ-ಸ್ಕೂಟರ್ ಪ್ಲಸ್'ನಂಥದ್ದು ವಸ್ತುವನ್ನಷ್ಟೇ ವರ್ಣಿಸುತ್ತದೆ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಅಂಥವುಗಳ ನೋಂದಣಿ ಕಷ್ಟ. 'ಮಿಂಚು' ಎಂದರೆ ವೇಗ ನೆನಪಾಗಿ ಹೆತ್ತವರು ಹಿಂಜರಿಯುತ್ತಾರೆ. 'ಹೆಜ್ಜೆ' ಮೊದಲ ಸವಾರಿಗೆ ಒಪ್ಪುತ್ತದೆ. ಲೋಗೊ ಬರೆಸುವ ಮುನ್ನ ವಾಹನಗಳಿಗೆ ಮೀಸಲಾದ 12ನೇ ವರ್ಗದಲ್ಲಿ ಅದೇ ಹೆಸರೋ ಅದೇ ಉಚ್ಚಾರಣೆಯದೋ ಇದೆಯೇ ಎಂದು ಹುಡುಕಬೇಕು. ಇದ್ದರೆ, ಅಚ್ಚಾದ ಬೋರ್ಡುಗಳೆಲ್ಲ ವ್ಯರ್ಥ.

ಕೊಟ್ಟ ಮಾತು ಗಾಡಿಯಲ್ಲೂ ಕಾಣಬೇಕು. ಮೀಟರ್ ಬರೀ ಶೇಕಡಾವಾರು ತೋರಿಸದೆ, ಈಗಿನ ಓಟದ ಲೆಕ್ಕದಲ್ಲಿ ಇನ್ನೆಷ್ಟು ಕಿ.ಮೀ. ಹೋಗಬಹುದು ಎಂದು ತೋರಿಸಲಿ. ಹೊಸ ಸವಾರರಿಗಾಗಿ ವೇಗವನ್ನು 40ಕ್ಕೆ ಮಿತಿಗೊಳಿಸುವ ಕಲಿಕೆಯ ಮೋಡ್ ಇರಲಿ. ಜಾಹೀರಾತಿನಲ್ಲಿ ಸ್ಟಂಟ್ ಬೇಡ. ಹೆಲ್ಮೆಟ್ ಧರಿಸಿದ ಸವಾರರೇ ಇರಲಿ.

ಬ್ರ್ಯಾಂಡ್ ನಿಂತಿದೆಯೇ ಎಂದು ತಿಳಿಯಲು ಜಾಹೀರಾತಿನ ಹೆಸರನ್ನು ಕೈಯಿಂದ ಮುಚ್ಚಿ ಓದಿ. ಬೇರೆ ಯಾವುದೇ ಕಂಪನಿಯ ಹೆಸರು ಅಲ್ಲಿ ಹೊಂದಿದರೆ ಕೆಲಸ ಇನ್ನೂ ಬಾಕಿ. ಎರಡನೆಯ ಪರೀಕ್ಷೆ ಶೋರೂಮಿನಲ್ಲಿ: "ಎಷ್ಟು ಕೊಡುತ್ತೆ?" ಎಂದು ಕೇಳಿ. ಮಾರುವವರ ಬಾಯಿಂದ 90 ಬಂದರೆ, ಅವರ ತರಬೇತಿ ಮುಗಿಯುವವರೆಗೂ ಮಾರಾಟ ಶುರು ಮಾಡಬಾರದು.