ಅಮರಾಂತ ಅತ್ತೆಯೋ, ಚಿಕ್ಕಮ್ಮನೋ?

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಬರೆದ ‘ನೂರು ವರ್ಷಗಳ ಏಕಾಂತ’ 1967ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಚ್ಚಾಯಿತು. ಮಕೋಂದೊ ಎಂಬ ಕಲ್ಪನೆಯ ಊರು, ಅಲ್ಲಿ ಬುವೆಂದೀಯ ಎಂಬ ಮನೆತನ, ಆ ಮನೆತನದ ಏಳು ತಲೆಮಾರಿನ ಕಥೆ. ಇದನ್ನು ಸ್ಪ್ಯಾನಿಷ್‌ನಿಂದ ನೇರವಾಗಿ ಕನ್ನಡಕ್ಕೆ ತರಲು ಕೂತವರಿಗೆ ಅದರಲ್ಲಿನ ಬಣ್ಣಗಳು ಹೆಚ್ಚು ಕಾಟ ಕೊಡುವುದಿಲ್ಲ. ಮೌರಿಸಿಯೊ ಬಾಬಿಲೋನಿಯ ಹೋದಲ್ಲೆಲ್ಲ ಅವನ ಹಿಂದೆ ಚಿಟ್ಟೆಗಳ ಹಿಂಡು ಹಾರುತ್ತದೆ. ಆ ಚಿಟ್ಟೆಗಳ ಬಣ್ಣ ‘ಅಮರೀಯೊ’, ಅಂದರೆ ಹಳದಿ. ಮುಂದಿನ ಸಾಲಿಗೆ ಹೋಗಬಹುದು. ಪೆನ್ನು ನಿಲ್ಲುವುದು ‘ತೀಯ’ ಎಂಬ ಪುಟ್ಟ ಪದ ಬಂದಾಗ.

ಬಣ್ಣದಲ್ಲಿ ಎರಡು ಭಾಷೆಗಳೂ ಹತ್ತಿರಹತ್ತಿರ ಸಮಸಮ. ನಾವು ಹಣ್ಣು ಹೂಗಳಿಂದ ನೇರಳೆ, ಕಿತ್ತಳೆ, ಗುಲಾಬಿ ಎಂದು ಬಣ್ಣಕ್ಕೆ ಹೆಸರಿಟ್ಟ ಹಾಗೆಯೇ ಅವರೂ ‘ವಿಯೊಲೇತ’, ‘ನರಾಂಹ’, ‘ರೋಸ’ ಎಂದು ಇಟ್ಟುಕೊಂಡಿದ್ದಾರೆ. ಕಿತ್ತಳೆಯ ‘ನರಾಂಹ’ ನಮ್ಮ ಕಡೆಯಿಂದಲೇ ಹೋದದ್ದು: ಸಂಸ್ಕೃತದ ನಾರಂಗ ಪಾರಸಿ, ಅರಬ್ಬಿಗಳನ್ನು ದಾಟಿ ಸ್ಪೇನಿಗೆ ತಲುಪಿತು. ಒಂದಿಷ್ಟು ವ್ಯತ್ಯಾಸಗಳಿವೆ. ಅರ್ಜೆಂಟೀನ, ಉರುಗ್ವೆಗಳಲ್ಲಿ ತಿಳಿನೀಲಿಗೆ ‘ಸೆಲೆಸ್ತೆ’ ಎಂಬ ಬೇರೆಯದೇ ಹೆಸರಿದೆ. ಉರುಗ್ವೆಯ ಫುಟ್‌ಬಾಲ್ ತಂಡವನ್ನು ಜನ ಕರೆಯುವುದೇ ‘ಲಾ ಸೆಲೆಸ್ತೆ’ ಎಂದು. ನಾವು ಪೋಲಿ ಜೋಕು ಅನ್ನುವುದು ಅವರಿಗೆ ಹಸಿರು ಜೋಕು. ಇಂಥವನ್ನು ನಿಘಂಟು ನೋಡಿ ಸುಧಾರಿಸಿಕೊಳ್ಳಬಹುದು.

ಬಣ್ಣದ ಪದಗಳಲ್ಲಿ ಗಮನಿಸಬೇಕಾದದ್ದು ಅವುಗಳ ಬಾಲ. ಕಪ್ಪು ಗಂಡುಬೆಕ್ಕಾದರೆ ‘ನೇಗ್ರೊ’, ಹೆಣ್ಣುಬೆಕ್ಕಾದರೆ ‘ನೇಗ್ರ’. ಕೆಂಪು ‘ರೋಹೊ’ ಇದ್ದದ್ದು ಮೇಜು, ಅಂಗಿಯಂಥ ಸ್ತ್ರೀಲಿಂಗದ ವಸ್ತುವಿನ ಪಕ್ಕ ನಿಂತರೆ ‘ರೋಹ’ ಆಗುತ್ತದೆ. ನೀಲಿ, ಹಸಿರುಗಳಂಥ ಕೆಲವು ಮಾತ್ರ ಬದಲಾಗುವುದಿಲ್ಲ. ಇದೇ ಓ–ಆ ಕೀಲಿಯಿಂದಲೇ ಅವರ ನೆಂಟಸ್ತಿಕೆಯೂ ತಿರುಗುತ್ತದೆ. ಒಡಹುಟ್ಟಿದ ಗಂಡು ‘ಎರ್ಮಾನೊ’, ಹೆಣ್ಣು ‘ಎರ್ಮಾನ’. ಮಗ ‘ಈಹೊ’, ಮಗಳು ‘ಈಹ’. ಅಜ್ಜ ‘ಅಬ್ವೇಲೊ’, ಅಜ್ಜಿ ‘ಅಬ್ವೇಲ’. ತಂದೆ–ತಾಯಿ, ಅಳಿಯ–ಸೊಸೆಯಂಥ ನಾಲ್ಕಾರು ಜೋಡಿ ಬಿಟ್ಟರೆ ಉಳಿದೆಲ್ಲಕ್ಕೂ ಅದೇ ಲೆಕ್ಕ. ಅಂದರೆ ಗಂಡೋ ಹೆಣ್ಣೋ ಎಂಬುದನ್ನು ಅವರ ಪದ ಮೊದಲು ಹೇಳುತ್ತದೆ. ದೊಡ್ಡವರೋ ಚಿಕ್ಕವರೋ, ತಂದೆಯ ಕಡೆಯೋ ತಾಯಿಯ ಕಡೆಯೋ ಎಂಬುದನ್ನು ಅದು ಹೇಳುವುದೇ ಇಲ್ಲ. ನಮ್ಮಲ್ಲಿ ಅಣ್ಣನ ಬಾಲ ತಿದ್ದಿದರೆ ಅಕ್ಕ ಆಗುವುದಿಲ್ಲ, ಮಾವನ ಬಾಲ ತಿದ್ದಿದರೆ ಅತ್ತೆ ಆಗುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರಿನ ಹೆಸರು. ಇನ್ನೊಂದು ತೊಡಕು ಬಹುವಚನದ್ದು. ನನಗೆ ಮೂವರು ‘ಎರ್ಮಾನೊಸ್’ ಇದ್ದಾರೆ ಎಂದು ಒಬ್ಬ ಹೇಳಿದರೆ, ಮೂವರೂ ಗಂಡಸರೋ ಅಥವಾ ಒಬ್ಬ ಅಣ್ಣ, ಇಬ್ಬರು ತಂಗಿಯರೋ ತಿಳಿಯುವುದಿಲ್ಲ. ಗುಂಪಿನಲ್ಲಿ ಒಬ್ಬ ಗಂಡಸಿದ್ದರೆ ಸಾಕು, ಇಡೀ ಗುಂಪು ಪುಲ್ಲಿಂಗವಾಗುತ್ತದೆ.

ಈಗ ಮಕೋಂದೊಗೆ ಬರೋಣ. ಮನೆತನದ ಮೂಲ ದಂಪತಿ ಹೋಸೆ ಅರ್ಕಾದಿಯೊ ಬುವೆಂದೀಯ ಮತ್ತು ಉರ್ಸುಲ. ಅವರಿಬ್ಬರೂ ‘ಪ್ರೀಮೊ’ಗಳು. ನೆಂಟರಲ್ಲೇ ಮದುವೆಯಾದ್ದರಿಂದ ಹಂದಿಬಾಲದ ಮಗು ಹುಟ್ಟೀತು ಎಂಬ ಹೆದರಿಕೆ ಇಡೀ ಕಾದಂಬರಿಯನ್ನು ಬೆನ್ನಟ್ಟುತ್ತದೆ. ಕನ್ನಡದ ಓದುಗನಿಗೆ ಇಲ್ಲೇ ಮೊದಲ ಪ್ರಶ್ನೆ: ಇವರು ಯಾವ ರೀತಿಯ ನೆಂಟರು? ಇಬ್ಬರ ಅಪ್ಪಂದಿರು ಅಣ್ಣತಮ್ಮಂದಿರಾಗಿದ್ದರೆ, ಇವರು ನಮ್ಮ ಮಾತಿನಲ್ಲಿ ಅಣ್ಣ–ತಂಗಿ. ಮದುವೆಯ ಮಾತೆತ್ತಿದರೇ ಪಾಪ. ಒಬ್ಬರ ಅಪ್ಪ, ಇನ್ನೊಬ್ಬರ ಅಮ್ಮ ಅಣ್ಣ–ತಂಗಿಯಾಗಿದ್ದರೆ ಇವರು ಸೋದರತ್ತೆ–ಸೋದರಮಾವನ ಮಕ್ಕಳು; ನಮ್ಮ ಎಷ್ಟೋ ಮನೆಗಳಲ್ಲಿ ಹುಟ್ಟಿದಂದೇ ಗಂಟು ಹಾಕಿಬಿಡುವ ಸಂಬಂಧ. ‘ಪ್ರೀಮೊ’ ಎಂಬ ಪದ ಈ ಎರಡನ್ನೂ ಒಂದೇ ಗೋಣಿಗೆ ತುಂಬುತ್ತದೆ. ಹಂದಿಬಾಲದ ಹಿಂದಿನ ನಿದರ್ಶನವೂ ಅಂಥದೇ: ಉರ್ಸುಲಳ ಒಬ್ಬ ತೀಯ, ಗಂಡನ ಒಬ್ಬ ತೀಯೊ, ಇವರಿಬ್ಬರ ಮದುವೆಯಲ್ಲಿ ಹುಟ್ಟಿದ ಕೂಸಿಗೆ ಬಾಲವಿತ್ತು. ಆ ತೀಯ ಅತ್ತೆಯೋ, ದೊಡ್ಡಮ್ಮನೋ, ಚಿಕ್ಕಮ್ಮನೋ? ಕಾದಂಬರಿಕಾರನಿಗೆ ಹೇಳುವ ಅಗತ್ಯವೇ ಬರಲಿಲ್ಲ. ಕನ್ನಡದಲ್ಲಿ ಬರೆಯುವವನಿಗೆ ಹೇಳದೆ ವಿಧಿಯಿಲ್ಲ.

ಮುಂದೆ ವಂಶವೃಕ್ಷ ನಮಗೆ ಸ್ವಲ್ಪ ನೆರವಾಗುತ್ತದೆ. ಕರ್ನಲ್ ಔರೆಲಿಯಾನೊನ ತಂಗಿ ಅಮರಾಂತ. ಅವಳು ಸಾಕಿ ಬೆಳೆಸಿದ ಅಣ್ಣನ ಮಗ ಔರೆಲಿಯಾನೊ ಹೋಸೆ, ಬೆಳೆದ ಮೇಲೆ ಅವಳನ್ನೇ ಬಯಸುತ್ತಾನೆ. ಅವನಿಗೆ ಅವಳು ‘ತೀಯ’. ಅಪ್ಪನ ತಂಗಿಯಾದ್ದರಿಂದ ಕನ್ನಡದಲ್ಲಿ ಅತ್ತೆ. ಎಷ್ಟೋ ಅಧ್ಯಾಯಗಳ ನಂತರ ಇನ್ನೊಬ್ಬ ಔರೆಲಿಯಾನೊ ಬರುತ್ತಾನೆ, ಹಳದಿ ಚಿಟ್ಟೆಗಳ ಮೌರಿಸಿಯೊನ ಮಗ. ಅವನ ತಾಯಿ ಮೇಮೆ. ಮೇಮೆಯ ತಂಗಿ ಅಮರಾಂತ ಉರ್ಸುಲ. ಇವನಿಗೆ ಅವಳೊಡನೆ ಪ್ರೇಮ. ಅವಳೂ ‘ತೀಯ’. ತಾಯಿಯ ತಂಗಿಯಾದ್ದರಿಂದ ಕನ್ನಡದಲ್ಲಿ ಚಿಕ್ಕಮ್ಮ. ಸ್ಪ್ಯಾನಿಷ್ ಓದುಗನಿಗೆ ಇವೆರಡೂ ಒಂದೇ ತಪ್ಪಿನ ಎರಡು ಆವೃತ್ತಿ. ಪದ ಮರುಕಳಿಸಿದ ಹಾಗೆ ಪಾಪವೂ ಮರುಕಳಿಸುತ್ತದೆ. ಕನ್ನಡದಲ್ಲಿ ಎರಡರ ತೂಕವೇ ಬೇರೆ. ಅತ್ತೆ ಹೆಣ್ಣು ಕೊಡುವ ಮನೆಯವಳು, ಅವಳ ಮಗಳನ್ನು ತಂದುಕೊಳ್ಳಬಹುದು. ಚಿಕ್ಕಮ್ಮ ಮಾತ್ರ ಹೆಸರಿನಲ್ಲೇ ಅಮ್ಮ. ಕೊನೆಯಲ್ಲಿ ಈ ಔರೆಲಿಯಾನೊ ತಾಳೆಗರಿಯಂಥ ಹಳೆಯ ಹಸ್ತಪ್ರತಿ ಬಿಡಿಸಿ, ತಾನು ಪ್ರೀತಿಸಿದವಳು ಒಡಹುಟ್ಟಿದವಳಲ್ಲ, ‘ತೀಯ’ ಎಂದು ತಿಳಿಯುತ್ತಾನೆ. ಸ್ಪ್ಯಾನಿಷ್‌ನಲ್ಲಿ ಅದು ಒಂದು ಮೆಟ್ಟಿಲು ದೂರ ಸರಿದ ಹಾಗೆ. ಕನ್ನಡದಲ್ಲಿ ಬರೆದರೆ ಅಕ್ಕ ಅಲ್ಲ, ಚಿಕ್ಕಮ್ಮ ಎಂದಾಗುತ್ತದೆ. ನನಗಂತೂ ಅದು ಸಮಾಧಾನ ಕೊಡುವ ಬದಲು ಇನ್ನಷ್ಟು ಎದೆ ಝಲ್ಲೆನಿಸುತ್ತದೆ.

ಸ್ಪ್ಯಾನಿಷ್ ಮೊದಲಿಂದಲೂ ಹೀಗಿರಲಿಲ್ಲ. ಅದರ ತಾಯಿ ಲ್ಯಾಟಿನ್‌ನಲ್ಲಿ ನಾಲ್ಕು ಪದಗಳಿದ್ದವು: ಅಪ್ಪನ ಸೋದರ ‘ಪತ್ರುಉಸ್’, ಅಮ್ಮನ ಸೋದರ ‘ಅವುಂಕುಲುಸ್’, ಅಪ್ಪನ ಸೋದರಿ ‘ಅಮಿತ’, ಅಮ್ಮನ ಸೋದರಿ ‘ಮಾತೆರ್ತೆರ’. ಇಂಗ್ಲಿಷಿನ ಅಂಕಲ್ ಹುಟ್ಟಿದ್ದು ಸೋದರಮಾವನ ಪದದಿಂದ, ಆಂಟಿಯ ಮೂಲ ಸೋದರತ್ತೆಯ ಪದ. ಸ್ಪ್ಯಾನಿಷ್ ನಾಲ್ಕನ್ನೂ ಬಿಟ್ಟು, ಗ್ರೀಕ್ ಮೂಲದ ‘ತೀಯೊ’ವನ್ನು ಎತ್ತಿಕೊಂಡು ಅದಕ್ಕೊಂದು ಸ್ತ್ರೀಲಿಂಗ ಮಾಡಿ ಮುಗಿಸಿತು. ಸ್ಪೇನಿನಲ್ಲಿ ಇವತ್ತು ಹುಡುಗರು ಬೀದಿಯಲ್ಲಿ ಒಬ್ಬರನ್ನೊಬ್ಬರು ‘ತೀಯೊ’ ಎಂದೇ ಕೂಗುತ್ತಾರೆ, ನಾವು ‘ಮಗಾ’, ‘ಗುರೂ’ ಅನ್ನುವ ಹಾಗೆ.

ಈ ಕುಗ್ಗುವಿಕೆಗೆ ಸ್ಪೇನಿನ ಮದುವೆಯ ಕಟ್ಟಳೆ ಅಡ್ಡಿ ಬರಲಿಲ್ಲ. 1215ರ ಲ್ಯಾಟರನ್ ಧರ್ಮಸಭೆ ನಾಲ್ಕನೇ ಮೆಟ್ಟಿಲಿನವರೆಗಿನ ರಕ್ತಸಂಬಂಧಿಗಳ ಮದುವೆಗೆ ತಡೆ ಹಾಕಿತು. ಅದಕ್ಕೆ ಮುಂಚೆ ಏಳು ಮೆಟ್ಟಿಲಿತ್ತು. ಚರ್ಚು ಎಣಿಸಿದ್ದು ದೂರವನ್ನು, ದಿಕ್ಕನ್ನಲ್ಲ. ಸೋದರಮಾವನ ಮಗಳಾದರೂ ಚಿಕ್ಕಪ್ಪನ ಮಗಳಾದರೂ ಸಮಾನ ನಿಷಿದ್ಧ, ಬೇಕಿದ್ದರೆ ಎರಡಕ್ಕೂ ವಿನಾಯಿತಿ ಕೇಳಬೇಕು. ಸ್ಪೇನಿನ ದೊರೆ ಎರಡನೇ ಫೆಲಿಪೆ 1570ರಲ್ಲಿ ತನ್ನ ‘ಸೊಬ್ರೀನ’ಳನ್ನು ಪೋಪರ ಅನುಮತಿ ಪಡೆದು ಮದುವೆಯಾದ, ಅವನ ಮೊಮ್ಮಗ ನಾಲ್ಕನೇ ಫೆಲಿಪೆಯೂ 1649ರಲ್ಲಿ ಹಾಗೆಯೇ ಮಾಡಿದ. ಇಬ್ಬರು ವಧುಗಳೂ ತಂಗಿಯ ಮಕ್ಕಳು ಎಂಬುದು ವಂಶಾವಳಿ ನೋಡಿದ ಮೇಲಷ್ಟೇ ತಿಳಿಯುತ್ತದೆ. ಹಳೆ ಮೈಸೂರಿನ ಹಿರಿಯರಾದರೆ ಮೊದಲು ಕೇಳುತ್ತಿದ್ದುದೇ ಅದನ್ನು: ಅಣ್ಣನ ಮಗಳೋ, ಅಕ್ಕನ ಮಗಳೋ, ತಂಗಿಯ ಮಗಳೋ? ಅಕ್ಕನ ಮಗಳಾದರೆ ಹಲವು ಜಾತಿಗಳಲ್ಲಿ ಸರಿ. ತಂಗಿಯ ಮಗಳೆಂದರೆ ಹಲವರು ಮುಖ ಸಿಂಡರಿಸುತ್ತಿದ್ದರು. ಅಣ್ಣನ ಮಗಳಂತೂ ಮಗಳೇ.

ನಮ್ಮ ಪದಗಳ ಗುಟ್ಟು ಇಲ್ಲಿದೆ. 1871ರಲ್ಲಿ ಅಮೆರಿಕದ ಲೂಯಿ ಹೆನ್ರಿ ಮಾರ್ಗನ್ ಜಗತ್ತಿನ ನೆಂಟಸ್ತಿಕೆಯ ಪಟ್ಟಿಗಳನ್ನು ಪ್ರಕಟಿಸಿದಾಗ ಅದರಲ್ಲಿ ತಮಿಳು, ತೆಲುಗುಗಳ ಜತೆ ಕನ್ನಡವೂ ಇತ್ತು. ಅಪ್ಪನ ಸೋದರರು ದೊಡ್ಡಪ್ಪ, ಚಿಕ್ಕಪ್ಪ. ಅಮ್ಮನ ಸೋದರಿಯರು ದೊಡ್ಡಮ್ಮ, ಚಿಕ್ಕಮ್ಮ. ಅವರ ಮಕ್ಕಳೆಲ್ಲ ಅಣ್ಣ, ತಮ್ಮ, ಅಕ್ಕ, ತಂಗಿ. ಅಪ್ಪನ ಸೋದರಿ ಅತ್ತೆ, ಅಮ್ಮನ ಸೋದರ ಮಾವ, ಅವರ ಮಕ್ಕಳು ಮಾತ್ರ ಭಾವ, ಮೈದುನ, ಅತ್ತಿಗೆ, ನಾದಿನಿಯರ ಸಾಲಿಗೆ. ಹೆಂಡತಿಯ ಅಪ್ಪನನ್ನೂ ನಾವು ಮಾವ ಎನ್ನುವುದು ಇದಕ್ಕೇ: ಹಳೆಯ ಪದ್ಧತಿಯಲ್ಲಿ ಸೋದರಮಾವನೇ ಹೆಣ್ಣು ಕೊಡುವವನು. ಯಾರನ್ನು ಮದುವೆಯಾಗಬಹುದು ಎಂಬ ಕಾನೂನು ಕರೆಯುವ ಹೆಸರಿನಲ್ಲೇ ಕೂತಿದೆ.

ಹಾಗೆಂದು ಎಲ್ಲ ಕಡೆಯೂ ಕನ್ನಡವೇ ಶ್ರೀಮಂತ ಎನ್ನಲು ಬರುವುದಿಲ್ಲ. ಅತ್ತೆ ಬಂದಳು ಎಂದರೆ ಅಪ್ಪನ ತಂಗಿಯೋ ಗಂಡನ ತಾಯಿಯೋ ನಮಗೆ ಗೊತ್ತಾಗುವುದಿಲ್ಲ; ಸ್ಪ್ಯಾನಿಷ್‌ನಲ್ಲಿ ಮೊದಲಿನವಳು ‘ತೀಯ’, ಎರಡನೆಯವಳು ‘ಸ್ವೇಗ್ರ’, ಗೊಂದಲವೇ ಇಲ್ಲ. ಬೀಗರಿಗೆ ಇಂಗ್ಲಿಷಿನಲ್ಲಿ ಪದವಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಸ್ಪ್ಯಾನಿಷ್‌ನಲ್ಲಿ ‘ಕೊನ್ಸ್ವೇಗ್ರೊ’ ಇದೆ. ಷಡ್ಡಕನಿಗೆ ‘ಕೊನ್ಕುನ್ಯಾದೊ’, ಓರಗಿತ್ತಿಗೆ ‘ಕೊನ್ಕುನ್ಯಾದ’, ಅಲ್ಲೂ ಅದೇ ಓ–ಆ ಕೀಲಿ. ನಮ್ಮಲ್ಲಿ ಇಲ್ಲದ ಒಂದು ಸಂಬಂಧವೂ ಅವರಲ್ಲಿದೆ. ಮಗುವಿನ ದೀಕ್ಷಾಸ್ನಾನದಲ್ಲಿ ಹೊಣೆ ಹೊತ್ತು ನಿಂತವನು ಮಗುವಿಗೆ ‘ಪದ್ರೀನೊ’, ಅದು ಧರ್ಮಪಿತ. ಅವನೂ ಮಗುವಿನ ಹೆತ್ತ ತಂದೆಯೂ ಅಂದಿನಿಂದ ಪರಸ್ಪರ ‘ಕೊಂಪಾದ್ರೆ’ಗಳಾಗುತ್ತಾರೆ. ಮೆಕ್ಸಿಕೊದ ಹಳ್ಳಿಗಳಲ್ಲಿ ಸಾಲ, ಜಾಮೀನು, ಜಗಳದ ರಾಜಿ ಎಲ್ಲಕ್ಕೂ ಈ ನಂಟು ಆಸರೆ. ಬಹುಕಾಲ ಚರ್ಚು ಇದನ್ನೂ ಮದುವೆಗೆ ಅಡ್ಡಿಯಾದ ನೆಂಟಸ್ತಿಕೆ ಎಂದೇ ಎಣಿಸಿತ್ತು. ಕನ್ನಡದಲ್ಲಿ ಇದಕ್ಕೆ ಒಂದೇ ಮಾತಿನ ಹೆಸರಿಲ್ಲ.

ಸ್ಪ್ಯಾನಿಷ್ ಕಲಿಯುತ್ತಿರುವವರು ಅಥವಾ ಅಲ್ಲಿಂದ ಕನ್ನಡಕ್ಕೆ ಏನಾದರೂ ತರುತ್ತಿರುವವರು ‘ತೀಯೊ’, ‘ಪ್ರೀಮೊ’, ‘ಸೊಬ್ರೀನೊ’ ಕಂಡಾಗ ಪೆನ್ನೆತ್ತುವ ಮೊದಲು ‘ಪೋರ್ ಪಾರ್ತೆ ದೆ ಪಾದ್ರೆ ಓ ದೆ ಮಾದ್ರೆ’ ಎಂದು ಕೇಳಿ: ತಂದೆಯ ಕಡೆಯೋ, ತಾಯಿಯ ಕಡೆಯೋ? ಆಮೇಲೆ ‘ಮಯೋರ್’ ಅಥವಾ ‘ಮೆನೋರ್’, ಹಿರಿಯರೋ ಕಿರಿಯರೋ ಎಂದೂ ಕೇಳಿಕೊಳ್ಳಿ. ಪುಸ್ತಕವಾದರೆ ಮೊದಲು ವಂಶವೃಕ್ಷ ಬರೆದು ಮೇಜಿನ ಮೇಲಿಟ್ಟುಕೊಳ್ಳಿ. ಉತ್ತರ ಅಲ್ಲೂ ಸಿಗದಿದ್ದರೆ ‘ನೆಂಟರು’ ಎಂದು ಬರೆದು ಸುಮ್ಮನಿರುವುದು, ಇಲ್ಲದ ಅತ್ತೆಯನ್ನು ಹುಟ್ಟಿಸುವುದಕ್ಕಿಂತ ಒಳ್ಳೆಯದು.