ಚಿಟಿಕೆ ತಾಮ್ರ ಬದಲಿಸಿದ ದಾರಿ

1941ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮಾರಿಸ್ ಖರಾಶ್ ಮತ್ತು ಟೌನಿ ಅವರು ಐಸೊಫೊರೋನ್ ಎಂಬ ದ್ರವಕ್ಕೆ ಗ್ರಿನ್ಯಾರ್ ಕಾರಕ ಸೇರಿಸಿ ನೋಡಿದರು. ಗ್ರಿನ್ಯಾರ್ ಕಾರಕವೆಂದರೆ ಆಲ್ಕೈಲ್ ಹ್ಯಾಲೈಡನ್ನು ಈಥರ್‌ನಲ್ಲಿ ಮೆಗ್ನೀಸಿಯಂ ಜೊತೆ ಬೆರೆಸಿ ತಯಾರಿಸುವ ವಸ್ತು. ಅದರಲ್ಲಿರುವ ಇಂಗಾಲ ಇನ್ನೊಂದು ಇಂಗಾಲಕ್ಕೆ ಹೋಗಿ ಕೂಡಿಕೊಳ್ಳಲು ಸದಾ ಸಿದ್ಧ. ಐಸೊಫೊರೋನ್ ಈನೋನ್ ಜಾತಿಗೆ ಸೇರಿದ್ದು, ಅಂದರೆ ಅದರ ಕೀಟೋನ್ ಗುಂಪಿನ ಪಕ್ಕದಲ್ಲೇ ಇಂಗಾಲ-ಇಂಗಾಲ ದ್ವಿಬಂಧವಿದೆ. ಹೀಗಾಗಿ ಹೊಸದಾಗಿ ಬರುವ ಮೀಥೈಲ್ ಗುಂಪಿಗೆ ಕೂರಲು ಎರಡು ಜಾಗ: ಆಮ್ಲಜನಕ ಹೊತ್ತ ಇಂಗಾಲ, ಇಲ್ಲವೇ ದ್ವಿಬಂಧದ ಆಚೆ ತುದಿಯ ಇಂಗಾಲ.

ಬರೀ ಗ್ರಿನ್ಯಾರ್ ಹಾಕಿದಾಗ ಮೀಥೈಲ್ ಮೊದಲನೆಯ ಜಾಗವನ್ನೇ ಹಿಡಿಯಿತು. ನೂರಕ್ಕೆ ಒಂದು ಪಾಲಿನಷ್ಟು ಕ್ಯುಪ್ರಸ್ ಕ್ಲೋರೈಡ್ ಬೆರೆಸಿದ್ದೇ ತಡ, ಆಚೆ ತುದಿಗೆ ಹೋಗಿ ಕೂತಿತು. ಅಷ್ಟು ಕಡಿಮೆ ತಾಮ್ರ ಇಷ್ಟು ದೊಡ್ಡ ಬದಲಾವಣೆ ಮಾಡಿದ್ದು ನನಗೆ ಇವತ್ತಿಗೂ ಬೆರಗು.

ಆ ತಾಮ್ರದ ಕೆಲಸವನ್ನು ಪೂರ್ಣವಾಗಿ ಮಾಡುವ ವಸ್ತುವನ್ನು ಹೆನ್ರಿ ಗಿಲ್ಮನ್ ತಂಡ 1952ರಲ್ಲಿ ವರದಿ ಮಾಡಿತು: ಲಿಥಿಯಂ ಡೈಮೀಥೈಲ್‌ಕ್ಯುಪ್ರೇಟ್. ಅದನ್ನು ಮಾಡುವುದು ನೋಡಲು ಚೆಂದ. ತೇವ, ಗಾಳಿ ಸೋಕದ ಫ್ಲಾಸ್ಕಿನಲ್ಲಿ ಕ್ಯುಪ್ರಸ್ ಅಯೋಡೈಡನ್ನು ಈಥರ್‌ನಲ್ಲಿ ಕಲಕಿ, ಮಂಜುಗಡ್ಡೆಯ ತಂಪಿನಲ್ಲಿಟ್ಟು ಮೀಥೈಲ್ ಲಿಥಿಯಂ ಹನಿಸಬೇಕು. ಮೊದಲ ಪಾಲಿಗೆ ಹಳದಿ ಗಸಿ ಕಟ್ಟುತ್ತದೆ. ಅದು ಮೀಥೈಲ್ ಕಾಪರ್. ಅಷ್ಟೇ ಪ್ರಮಾಣದ ಎರಡನೆಯ ಪಾಲು ಬೀಳುತ್ತಿದ್ದಂತೆ ಗಸಿ ಕರಗಿ ದ್ರವ ತಿಳಿಯಾಗುತ್ತದೆ. ಹಳದಿ ಉಳಿದರೆ ಲಿಥಿಯಂ ಸಾಲದು; ಕಪ್ಪಾದರೆ ಕಾರಕ ಕೆಟ್ಟಿತು ಎಂದರ್ಥ.

ಈ ದ್ರವಕ್ಕೆ ಸೈಕ್ಲೊಹೆಕ್ಸೆನೋನ್ ಹಾಕಿದರೆ 3-ಮೀಥೈಲ್ ಸೈಕ್ಲೊಹೆಕ್ಸನೋನ್ ಸಿಗುತ್ತದೆ, ಕೀಟೋನ್ ಕೀಟೋನಾಗಿಯೇ ಉಳಿದಿರುತ್ತದೆ. ಮೀಥೈಲ್ ಯಾವ ಜಾಗಕ್ಕೆ ಹೋಯಿತೆಂದು ತಿಳಿಯಲು ಅತಿಗೆಂಪು ರೋಹಿತ ಸಾಕು. 1710ರ ಆಸುಪಾಸಿನಲ್ಲಿ ಕೀಟೋನಿನ ಗುರುತು ಎದ್ದು ಕಂಡರೆ ಮೀಥೈಲ್ ಆಚೆ ತುದಿಗೆ ಹೋಗಿದೆ. ಅದು ಮಾಯವಾಗಿ 3400ರ ಬಳಿ ಅಗಲವಾದ ಗುರುತು ಬಂದರೆ ಆಗಿದ್ದು ಆಲ್ಕೊಹಾಲ್. ಮೆಗ್ನೀಸಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವುದರಿಂದ ಗ್ರಿನ್ಯಾರ್‌ನ ಮೀಥೈಲ್ ಅದರ ಪಕ್ಕದ ಇಂಗಾಲಕ್ಕೇ ಅಂಟುತ್ತದೆ. ತಾಮ್ರ ಮಾತ್ರ ಮೊದಲು ದ್ವಿಬಂಧದ ಎಲೆಕ್ಟ್ರಾನುಗಳಿಗೆ ಒಲಿದು ಆಚೆ ತುದಿಯ ಇಂಗಾಲದ ಜೊತೆ ಬಂಧ ಕಟ್ಟುತ್ತದೆ, ಆಮೇಲೆ ತನ್ನ ಮೀಥೈಲನ್ನು ಅಲ್ಲಿಗೇ ಬಿಟ್ಟುಕೊಡುತ್ತದೆ.

ಆಲ್ಕೈಲ್ ಹ್ಯಾಲೈಡುಗಳ ವಿಷಯದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಸಾಮಾನ್ಯ ಆಲ್ಕೈಲ್ ಅಯೋಡೈಡಿನ ಜೊತೆ ಬರೀ ಗ್ರಿನ್ಯಾರ್ ಅಚ್ಚುಕಟ್ಟಾಗಿ ಕೂಡುವುದಿಲ್ಲ. 1967ರಲ್ಲಿ ಕೋರಿ ಮತ್ತು ಪೋಸ್ನರ್ ತೋರಿಸಿದ ಕ್ಯುಪ್ರೇಟ್ ವಿಧಾನದಲ್ಲಾದರೋ ಹತ್ತು ಇಂಗಾಲಗಳ ಅಯೋಡೊಡೆಕೇನ್‌ಗೆ ಒಂದು ಮೀಥೈಲ್ ಸೇರಿ ಹನ್ನೊಂದು ಇಂಗಾಲಗಳ ಅಂಡೆಕೇನ್ ಬರುತ್ತದೆ, ಇಳುವರಿ ಸುಮಾರು ಶೇ. 90. ಆದರೆ ಅಯೋಡಿನ್ ಕೂತ ಇಂಗಾಲಕ್ಕೆ ಇನ್ನೂ ಮೂರು ಇಂಗಾಲಗಳು ಅಂಟಿದ್ದರೆ ಜೋಡಣೆಯ ಬದಲು ಹೆಚ್ಚಾಗಿ ಆಲ್ಕೀನ್ ಹುಟ್ಟುತ್ತದೆ.

ಇನ್ನೊಂದು ನಷ್ಟವೂ ಇದೆ. ಕ್ಯುಪ್ರೇಟಿನ ಎರಡು ಗುಂಪುಗಳಲ್ಲಿ ಕೆಲಸಕ್ಕೆ ಬರುವುದು ಒಂದೇ. ಮೀಥೈಲ್ ಆದರೆ ಚಿಂತೆಯಿಲ್ಲ. ಹಲವು ಹಂತಗಳಲ್ಲಿ ಕಷ್ಟಪಟ್ಟು ಕಟ್ಟಿದ ಗುಂಪಾದರೆ ಅರ್ಧ ವ್ಯರ್ಥ. ಅದಕ್ಕೇ ರಸಾಯನಜ್ಞರು ಎರಡನೆಯ ಜಾಗದಲ್ಲಿ, ತಾಮ್ರ ಸುಲಭವಾಗಿ ಬಿಟ್ಟುಕೊಡದ ಆಲ್ಕೈನ್ ಗುಂಪನ್ನು ಕೂರಿಸುತ್ತಾರೆ.